ವಾಪಸ್ ಬಂದ ಸೀರೆಯ ದಾರಿ

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



"ನಿನ್ನ ಕೆಲಸದ ವಿಷಯವಾಗಿಯೇ ಏನಾದರೂ ಹೇಳಮ್ಮ" ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ಸ್ವಲ್ಪ ಹಿಂಜರಿದೆ. ಸಾಫ್ಟ್‌ವೇರ್ ಕೆಲಸವನ್ನು ಸಭೆಯಲ್ಲಿ ಹೇಳುವುದು ಕಷ್ಟ. ಆದರೆ ನಾನು ಮಾಡುವ ಸಾಫ್ಟ್‌ವೇರು ನಿಮ್ಮೆಲ್ಲರ ಮನೆಯ ಬಾಗಿಲಿಗೂ ಬಂದು ಹೋಗುವಂಥದ್ದು. ನೀವು ಆನ್‌ಲೈನಿನಲ್ಲಿ ತರಿಸಿದ ಸೀರೆಯೋ ಕುರ್ತಿಯೋ ಹಿಡಿಸದೆ "ರಿಟರ್ನ್" ಒತ್ತುತ್ತೀರಲ್ಲ, ಅಲ್ಲಿಂದ ನಮ್ಮ ಕೆಲಸ ಶುರು. ಹುಡುಗ ಬಂದು ಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ, ನಾಲ್ಕು ದಿನದಲ್ಲಿ ದುಡ್ಡು ಬರುತ್ತದೆ, ನಿಮ್ಮ ಮಟ್ಟಿಗೆ ಕಥೆ ಮುಗಿಯಿತು. ಆ ಬಟ್ಟೆಯ ಕಥೆ ಮುಂದೆ ಏನಾಗುತ್ತದೆ ಎನ್ನುವುದನ್ನು ಇವತ್ತು ಹೇಳುತ್ತೇನೆ. ಎಲ್ಲ ಬಟ್ಟೆಯನ್ನೂ ಹಿಡಿದರೆ ಸಂಜೆಯಾಗುತ್ತದೆ, ಅದಕ್ಕೆ ಮುಖ್ಯವಾಗಿ ಸೀರೆಯನ್ನೇ ಹಿಡಿಯುತ್ತೇನೆ. ಸೀರೆಯ ವಿಷಯದಲ್ಲಿ ನನಗಿಂತ ನೀವೇ ಹೆಚ್ಚು ತಿಳಿದವರು ಎನ್ನುವ ಧೈರ್ಯವೂ ಇದೆ.

ನನ್ನ ಕಚೇರಿ ಇರುವುದು ನವಿ ಮುಂಬಯಿಯ ಮಹಾಪೆಯಲ್ಲಿ. ಮನೆ ಡೊಂಬಿವಲಿ. ಆದರೆ ಕೆಲಸದ ಅಸಲು ಜಾಗ ಭಿವಂಡಿ. ಹಿಂದೆ ಭಿವಂಡಿ ಎಂದರೆ ಪವರ್‌ಲೂಮ್‌ ಊರು. ಈಗ ನಾಸಿಕ್ ಹೆದ್ದಾರಿಯ ಎರಡೂ ಕಡೆ, ಮಾಣಕೋಲಿ, ದಾಪೋಡೆ, ಪಡಘೆಯವರೆಗೂ ಗೋದಾಮುಗಳೇ. ಮುಂಬಯಿ ಊರೊಳಗೆ ಸರಕು ಬಂದರೆ ಆಕ್ಟ್ರಾಯ್ ಕೊಡಬೇಕಿದ್ದ ಕಾಲದಲ್ಲಿ ವ್ಯಾಪಾರಿಗಳು ಗಡಿಯ ಹೊರಗೆ ಸರಕಿಟ್ಟುಕೊಂಡರು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಆಕ್ಟ್ರಾಯ್ ಹೋಯಿತು, ಗೋದಾಮುಗಳು ಹೋಗಲಿಲ್ಲ, ಇನ್ನೂ ಬೆಳೆದವು. ಕಲ್ಯಾಣ, ಠಾಣೆ, ಡೊಂಬಿವಲಿಯಲ್ಲಿ ನೀವು ವಾಪಸ್ ಕೊಟ್ಟ ಬಟ್ಟೆಯ ದೊಡ್ಡ ಪಾಲು ಕೊನೆಗೆ ಅಲ್ಲಿನ ಯಾವುದಾದರೊಂದು ಮೇಜಿನ ಮೇಲೆ ಬಂದು ಬೀಳುತ್ತದೆ.

ವಾಪಸ್ ಬರುವ ಪೊಟ್ಟಣಗಳಲ್ಲಿ ಎರಡು ಜಾತಿ. ಒಂದು, ಬಾಗಿಲು ತೆರೆಯಲಿಲ್ಲ, ಅಥವಾ ಕ್ಯಾಶ್ ಆನ್ ಡೆಲಿವರಿ ಹೇಳಿ ಕೊನೆಗೆ ಬೇಡ ಅಂದರು, ಹಾಗೆ ಬಿಚ್ಚದೆ ತಿರುಗಿ ಬರುವುದು. ಇದು ಸುಲಭ. ಸೀಲ್ ಸರಿ ಇದೆಯಾ ನೋಡಿ ಮತ್ತೆ ಕಪಾಟಿಗೆ. ಎರಡನೆಯದು ಬಿಚ್ಚಿ, ನೋಡಿ, ಬಹುಶಃ ಮೈಮೇಲೆ ಹಾಕಿಕೊಂಡು, ಆಮೇಲೆ ಕೊಟ್ಟದ್ದು. ತಲೆನೋವೆಲ್ಲ ಇದರದೇ.

ಇಂಥ ಪೊಟ್ಟಣ ಬಂದ ಕೂಡಲೇ ಯಾರೂ ಬಿಚ್ಚುವುದಿಲ್ಲ. ಮೊದಲು ತಕ್ಕಡಿಗೆ ಇಡುತ್ತಾರೆ. ಹೋಗುವಾಗಿನ ತೂಕ ನಮ್ಮ ಕಂಪ್ಯೂಟರಿನಲ್ಲಿ ಇರುತ್ತದೆ, ಬರುವಾಗಿನ ತೂಕ ಅದಕ್ಕೆ ಹತ್ತಿರ ಇರಬೇಕು. ಇದು ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಈಗಿನ ಸೀರೆ ಸಾಮಾನ್ಯವಾಗಿ ಐದೂವರೆ ಮೀಟರ್, ಜೊತೆಗೆ ಅದರದ್ದೇ ತುದಿಯಲ್ಲಿ ಎಂಬತ್ತು ಸೆಂಟಿಮೀಟರ್ ರವಿಕೆ ಬಟ್ಟೆ, ಒಟ್ಟು 6.3 ಮೀಟರ್. ರವಿಕೆ ಬಟ್ಟೆ ಕತ್ತರಿಸಿಕೊಂಡು ಸೀರೆ ಮಾತ್ರ ವಾಪಸ್ ಕೊಟ್ಟರೆ ಬಟ್ಟೆಯ ಎಂಟನೇ ಒಂದು ಭಾಗ ಹೋದ ಹಾಗೆ. 600 ಗ್ರಾಂ ಸೀರೆ 525ರ ಆಸುಪಾಸಿಗೆ ಇಳಿಯುತ್ತದೆ. ಬಿಚ್ಚುವ ಮೊದಲೇ ತಕ್ಕಡಿ ಹೇಳಿಬಿಡುತ್ತದೆ. (ನಗಬೇಡಿ, ಇದು ನಡೆಯುವಂಥದ್ದೇ.) ಹೊಸ ಸೀರೆಯ ಟ್ಯಾಗ್ ಕಿತ್ತು ಮನೆಯ ಹಳೇ ಸೀರೆಗೆ ಸಿಕ್ಕಿಸಿ ಕೊಟ್ಟವರೂ ತಕ್ಕಡಿಯಲ್ಲೇ ಸಿಕ್ಕಿಬೀಳುವುದುಂಟು.

ತೂಕ ಸರಿ ಇದ್ದರೆ ಮೇಜಿಗೆ. ಅಲ್ಲಿ ಗ್ರೇಡಿಂಗ್ ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಬೆಳಿಗ್ಗೆ ಕಲ್ಯಾಣದಿಂದ, ಭಿವಂಡಿಯ ಒಳಗಿನ ಹಳ್ಳಿಗಳಿಂದ ಕಂಪನಿಯ ಬಸ್ಸಿನಲ್ಲಿ ಬರುತ್ತಾರೆ. ಒಂದು ಬಟ್ಟೆಗೆ ಸಿಗುವ ಸಮಯ ಒಂದೆರಡು ನಿಮಿಷ ಮಾತ್ರ. ಅಷ್ಟರಲ್ಲಿ ಇದು ನಾವು ಕಳಿಸಿದ ಬಟ್ಟೆಯೇ, ಉಟ್ಟಿದ್ದಾರೆಯೇ, ಹಾನಿ ಆಗಿದೆಯೇ, ಆಗಿದ್ದರೆ ಹೋಗುವಂಥದ್ದೇ ಅಂತ ಹೇಳಬೇಕು.

ಉಟ್ಟ ಸೀರೆಯನ್ನು ಅವರು ಗುರುತಿಸುವುದು ಹೇಗೆ ಅಂತ ನಾನು ಮೊದಲ ದಿನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು ನೋಡಿದೆ. ಕಾರ್ಖಾನೆಯ ಮಡಿಕೆ ಒಂದು ತರಹ, ಮನೆಯಲ್ಲಿ ಮಡಚಿದ್ದು ಇನ್ನೊಂದು ತರಹ. ಒಮ್ಮೆ ಬಿಚ್ಚಿದ ಸೀರೆಯಲ್ಲಿ ಎರಡೂ ಗೆರೆಗಳು ಇರುತ್ತವೆ, ಅದು ತಪ್ಪಲ್ಲ, ಬಿಚ್ಚದೆ ನೋಡುವುದು ಹೇಗೆ? ಆದರೆ ನೆರಿಗೆ ಹಿಡಿದ ಗುರುತು ಬೇರೆಯೇ. ಸೊಂಟದ ಭಾಗದಲ್ಲಿ ಐದಾರು ಅಡ್ಡ ಮಡಿಕೆಗಳು ಒತ್ತೊತ್ತಾಗಿ ಬಿದ್ದಿರುತ್ತವೆ. ಹೆಗಲಿನ ಜಾಗದಲ್ಲಿ ಸೇಫ್ಟಿ ಪಿನ್ನಿನ ಎರಡು ತೂತು. ಕೆಳ ಅಂಚಿನ ಒಳಬದಿಯಲ್ಲಿ ಸಾಲಾಗಿ ಸೂಜಿ ತೂತು ಇದ್ದರೆ ಫಾಲ್ ಹೊಲಿಸಿ, ಉಟ್ಟು, ಬಿಚ್ಚಿ ಕಳಿಸಿದ್ದಾರೆ ಅಂತ ಅರ್ಥ. ಪಿಕೋ ಮಾಡಿಸಿದ್ದಂತೂ ಬಿಚ್ಚಲು ಬರುವುದೇ ಇಲ್ಲ. ಕೊನೆಗೆ ಮೂಗು. ಅತ್ತರು, ಬೆವರು, ಊದುಬತ್ತಿಯ ಹೊಗೆ. ಇದಕ್ಕೆ ಯಾವ ಸಾಫ್ಟ್‌ವೇರೂ ಇಲ್ಲ. ನಮ್ಮ ಡೊಂಬಿವಲಿಯಲ್ಲಿ ಸ್ಟೀಲ್ ಪಾತ್ರೆ ಕೊಟ್ಟು ಹಳೇ ಬಟ್ಟೆ ತಗೊಳ್ಳುವ ಹೆಂಗಸು ಬರುತ್ತಾಳಲ್ಲ, ಅವಳು ಸೀರೆಯನ್ನು ಬೆಳಕಿಗೆ ಹಿಡಿದು ಸರ್ರನೆ ಓಡಿಸಿ "ಇದಕ್ಕೆ ಡಬ್ಬಿ ಬರುವುದಿಲ್ಲ, ಲೋಟ ಕೊಡುತ್ತೇನೆ" ಅನ್ನುತ್ತಾಳೆ. ಗ್ರೇಡಿಂಗ್ ಎಂದರೆ ಅದೇ.

ಇಷ್ಟು ನೋಡಿದ ಮೇಲೆ ಬಟ್ಟೆಗೆ ನಾಲ್ಕು ದಾರಿ. ಏನೂ ಆಗಿಲ್ಲದಿದ್ದರೆ ಹೊಸ ಕವರು, ಹೊಸ ಬಾರ್‌ಕೋಡು ಹಾಕಿ ಹೊಸದೆಂದೇ ಮಾರಾಟಕ್ಕೆ. ಸ್ವಲ್ಪ ಸರಿಪಡಿಸಿದರೆ ಆಗುತ್ತದೆ ಎಂದರೆ ಪಕ್ಕದ ರಿಪೇರಿ ಕೋಣೆಗೆ. ಅದೂ ಲಾಭವಿಲ್ಲ ಎಂದರೆ ಲಾಟಿಗೆ, ಅಂದರೆ ಗಂಟು ಕಟ್ಟಿ ಸಗಟಾಗಿ ಮಾರುವುದಕ್ಕೆ. ಮಾರಲೇಬಾರದ್ದು ಚಿಂದಿಗೆ. ಒಳ ಉಡುಪುಗಳನ್ನು ಹೆಚ್ಚಿನ ಕಡೆ ವಾಪಸೇ ತೆಗೆದುಕೊಳ್ಳುವುದಿಲ್ಲ. ತಪ್ಪು ಸರಕು ಹೋದ ಕಾರಣಕ್ಕೆ ಬಂದರೂ ಬಿಚ್ಚಿದ್ದಾದರೆ ನೇರ ಚಿಂದಿಗೇ.

ರಿಪೇರಿ ಕೋಣೆ ಎಂದರೆ ದೊಡ್ಡ ಯಂತ್ರವೇನೂ ಇಲ್ಲ. ಉಗಿ ಇಸ್ತ್ರಿ, ದಾರ ಕತ್ತರಿಸುವ ಪುಟ್ಟ ಕತ್ತರಿ, ಬಟನ್ ಡಬ್ಬಿ, ಕಲೆ ತೆಗೆಯುವ ಸ್ಪ್ರೇ, ವಾಸನೆ ಹೋಗಲು ಗಾಳಿಯಾಡುವ ಹ್ಯಾಂಗರು ಸಾಲು. ಕುರ್ತಿಯ ಕತ್ತಿನ ಹತ್ತಿರ ಫೌಂಡೇಶನ್ ಕಲೆ ಬಹಳ ಸಾಮಾನ್ಯ, ತಲೆಯ ಮೇಲಿಂದ ಹಾಕಿ ನೋಡುವಾಗ ಅಂಟುತ್ತದೆ. ಅದು ಹೋಗುತ್ತದೆ. ಹಟಮಾರಿ ಕಲೆ ಅರಿಶಿನದ್ದು. ಅದಕ್ಕೆ ಸೋಪು ತಾಗಿದರೆ ಕೆಂಪಾಗಿಬಿಡುತ್ತದೆ, ನಿಮಗೆ ಗೊತ್ತೇ ಇದೆ. ಬಿಸಿಲಿಗೆ ಹಾಕಿದರೆ ಮಾಸುತ್ತದೆ ಅಂತ ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಆದರೆ ಗೋದಾಮಿನೊಳಗೆ ಬಿಸಿಲು ಎಲ್ಲಿಂದ ತರುವುದು?

ಈಗ ನಿರ್ಧಾರದ ಲೆಕ್ಕಕ್ಕೆ ಬರೋಣ. ಇದೇ ನನ್ನ ಕೆಲಸದ ಹೂರಣ. ಅಂಕಿಗಳು ಉದಾಹರಣೆಗೆ ಹಿಡಿದವು, ಲೆಕ್ಕದ ರೀತಿ ಮಾತ್ರ ನಿಜವಾದದ್ದು.

ನವರಾತ್ರಿಯಲ್ಲಿ ನಮ್ಮ ಕಡೆ ದಿನಕ್ಕೊಂದು ಬಣ್ಣ ಉಡುವುದು ಈಗ ನಿಯಮದಂತೆ ಆಗಿದೆ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯೇ ಒಂದು ದಿನ ಹಳದಿ, ಇನ್ನೊಂದು ದಿನ ನೀಲಿ. ಅಂಥ ಒಂದು ಸೀರೆ, 1,499 ರೂಪಾಯಿಯದ್ದು, ವಾಪಸ್ ಬಂತು ಅನ್ನಿ. ಅಂಚಿನಲ್ಲಿ ಕಡಲೆಬೇಳೆಯಷ್ಟು ಅರಿಶಿನದ ಕಲೆ. ಇವತ್ತೇ ಲಾಟಿಗೆ ಹಾಕಿದರೆ 250 ಬರುತ್ತದೆ. ಸರಿಪಡಿಸಲು ಖರ್ಚು 40. ಹತ್ತರಲ್ಲಿ ಏಳು ಸೀರೆಯ ಕಲೆ ಹೋಗುತ್ತದೆ, ಮೂರರದ್ದು ಹೋಗುವುದಿಲ್ಲ. ಸರಿಯಾದ ಸೀರೆಯನ್ನು ರಿಯಾಯಿತಿಯಲ್ಲಿ 1,050ಕ್ಕೆ ಮಾರಬಹುದು. ಅದರಲ್ಲಿ ಮತ್ತೆ ಕಳಿಸುವ ಖರ್ಚು, ಕವರು ಎಲ್ಲ ಸೇರಿ 100. ಅದೂ ವಾಪಸ್ ಬಂದರೆ? ಐದರಲ್ಲೊಂದು ಬರುತ್ತದೆ, ಬಂದಾಗ 150 ನಷ್ಟ ಎಂದು ಇಟ್ಟುಕೊಂಡರೆ ಸೀರೆಗೆ 30ರಂತೆ ಕಳೆಯಬೇಕು. ಕೈಗೆ ಉಳಿದದ್ದು 920. ಹತ್ತು ಸೀರೆಗೆ ಲೆಕ್ಕ ಹಾಕಿ. ಏಳರಿಂದ 6,440. ಕಲೆ ಹೋಗದ ಮೂರನ್ನು ತಡವಾಗಿ ಲಾಟಿಗೆ ಹಾಕಿದ್ದರಿಂದ 200ರಂತೆ 600. ಒಟ್ಟು 7,040ರಲ್ಲಿ ಸರಿಪಡಿಸಿದ ಖರ್ಚು 400 ಹೋದರೆ ಸೀರೆಗೆ 664 ರೂಪಾಯಿ. 250ಕ್ಕಿಂತ ಎಷ್ಟೋ ಮೇಲು. ಸರಿಪಡಿಸಬೇಕು.

ಇದೇ ಕಲೆ 399 ರೂಪಾಯಿಯ ಕುರ್ತಿಯ ಮೇಲಿದ್ದರೆ? ಶುಚಿ ಮಾಡುವ ಖರ್ಚು ಅದೇ 40, ಕಳಿಸುವುದೂ ಅದೇ 100. ಮಾರಾಟ ಆಗುವುದು ಮಾತ್ರ 280ಕ್ಕೆ. ಕಲೆ ಹೋಗದ್ದಕ್ಕೆ ಲಾಟಿನಲ್ಲಿ 40 ಹಿಡಿದು ಇದೇ ರೀತಿ ಲೆಕ್ಕ ಹಾಕಿದರೆ ಕುರ್ತಿಗೆ 77 ರೂಪಾಯಿ ಬರುತ್ತದೆ. ಇವತ್ತೇ ಲಾಟಿಗೆ ಕೊಟ್ಟರೆ 60. ಹದಿನೇಳು ರೂಪಾಯಿಗಾಗಿ ಒಂದು ಜಾಗ, ಒಬ್ಬಳ ಹತ್ತು ನಿಮಿಷ ಯಾರೂ ಕೊಡುವುದಿಲ್ಲ. ಹಾಗಾಗಿ ಕುರ್ತಿ ಗಂಟಿಗೆ ಹೋಗುತ್ತದೆ. ಬಟ್ಟೆ ಅಷ್ಟೇ ಚೆನ್ನಾಗಿದ್ದರೂ ಬೆಲೆ ಕಡಿಮೆ ಇದ್ದದ್ದಕ್ಕೆ ಅದನ್ನು ಉಳಿಸುವುದಿಲ್ಲ. ಅಗ್ಗದ ಬಟ್ಟೆಗಳೇ ಬೇಗ ಚಿಂದಿಯಾಗುವುದರ ಹಿಂದೆ ಇಷ್ಟು ಸಣ್ಣ ಲೆಕ್ಕ ಇದೆ.

ಇನ್ನೊಂದು ವಿಷಯ ದಿನದ್ದು. ನವರಾತ್ರಿ, ದೀಪಾವಳಿ ಮುಗಿದ ಮೇಲೆ ಆ ಸೀರೆಗೆ 1,050 ಯಾರು ಕೊಡುತ್ತಾರೆ? 700ಕ್ಕೆ ಇಳಿದರೆ ಮೇಲಿನ 664 ಇದ್ದದ್ದು 419 ಆಗುತ್ತದೆ. ಕಲೆ ದೊಡ್ಡದಾಗಲಿಲ್ಲ, ಸೀರೆ ರಿಪೇರಿ ಕೋಣೆಯ ಸರದಿಯಲ್ಲಿ ಕುಳಿತಿತ್ತು, ಅಷ್ಟೇ. ಹಬ್ಬದ ವಾರಗಳಲ್ಲಿ ಆ ಸರದಿ ಎರಡು ವಾರಕ್ಕೂ ಬೆಳೆಯುತ್ತದೆ. ಮೊದಲು ಬಂದದ್ದಕ್ಕೆ ಮೊದಲು ಎನ್ನುವುದು ನ್ಯಾಯ ಎನಿಸುತ್ತದೆ, ಆದರೆ ಇಲ್ಲಿ ಅದು ನಷ್ಟ. ದಿನಕ್ಕೆ ಹೆಚ್ಚು ಬೆಲೆ ಕಳೆದುಕೊಳ್ಳುವುದನ್ನು ಮೊದಲು ತೆಗೆಯಬೇಕು. ಕಪ್ಪು ಲೆಗ್ಗಿಂಗ್ಸ್ ತಿಂಗಳು ಕಾದರೂ ಅದೇ ಬೆಲೆ, ಹಬ್ಬದ ಸೀರೆ ಕಾಯುವುದಿಲ್ಲ. ಎಂಟೆಕ್‌ನಲ್ಲಿ ಕ್ಯೂ ಸಿದ್ಧಾಂತ ಓದಿದ್ದೆ. ಅದು ಹೀಗೆ ಅರಿಶಿನದ ಕಲೆಗೆ ಉಪಯೋಗಕ್ಕೆ ಬರುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ಇನ್ನೂ ಮನಸ್ಸಿಟ್ಟು ಓದುತ್ತಿದ್ದೆನೇನೋ.

ಈಗ ಒಂದು ಇಳಕಲ್ ಸೀರೆಯ ಪ್ರಸಂಗ. ಕಂಪನಿಯ ಹೆಸರು, ಮಾರುವವರ ಹೆಸರು ಬೇಡ.

ಪ್ರತಿ ತಿಂಗಳು ನಾನು ಗ್ರೇಡಿಂಗ್ ವರದಿ ತೆಗೆಯುತ್ತೇನೆ. ಯಾರ ಸರಕಿನಲ್ಲಿ ಎಷ್ಟು ದೋಷ, ಯಾವ ಬಗೆಯ ದೋಷ ಎಂದು. ಸಾಮಾನ್ಯವಾಗಿ ದೋಷಗಳು ಚದುರಿರುತ್ತವೆ. ಒಂದು ಕಡೆ ಕಲೆ, ಒಂದು ಕಡೆ ಬಟನ್, ಇನ್ನೊಂದು ಕಡೆ ಹರಿದದ್ದು. ಆ ತಿಂಗಳು ಬಾಗಲಕೋಟೆ ಜಿಲ್ಲೆಯಿಂದ ಕೈಮಗ್ಗದ ಸೀರೆ ಕಳಿಸುವ ಒಬ್ಬ ಸಣ್ಣ ವ್ಯಾಪಾರಿಯ ಸಾಲು ಕಣ್ಣಿಗೆ ಬಿತ್ತು. ವಾಪಸ್ ಬಂದ ಹೆಚ್ಚುಕಡಿಮೆ ಎಲ್ಲ ಸೀರೆಗೂ ಒಂದೇ ದೋಷ: "ನೇಯ್ಗೆ ದೋಷ, ಸೆರಗಿನ ಹತ್ತಿರ ಜೋಡಣೆ". ಎಲ್ಲವೂ ಲಾಟಿಗೆ. ಕೆಲವಕ್ಕೆ ಜೊತೆಗೆ "ರವಿಕೆ ಬಟ್ಟೆ ಇಲ್ಲ" ಅಂತಲೂ ಬರೆದಿತ್ತು. ದೋಷ ನಿಜವಾಗಿದ್ದರೆ ಕೊಂಡವರೂ ಅದನ್ನೇ ಹೇಳಿರಬೇಕು. ಆದರೆ ಅವರು ಕೊಟ್ಟ ಕಾರಣ "ಬಣ್ಣ ಹಿಡಿಸಲಿಲ್ಲ", "ಎರಡು ತರಿಸಿದ್ದೆ, ಒಂದು ಸಾಕು" ಎನ್ನುವಂಥವು. ನೇಯ್ಗೆಯ ಮಾತೇ ಇರಲಿಲ್ಲ.

ನೀವು ಇಷ್ಟರಲ್ಲೇ ಊಹಿಸಿದ್ದೀರಿ. ಇಳಕಲ್ ಸೀರೆಯ ಮೈ ಒಂದು ಹಾಸು, ಸೆರಗು ಇನ್ನೊಂದು ಹಾಸು. ಮೈಯ ಹಾಸು ನೂಲು ಹತ್ತಿಯದ್ದಿರಬಹುದು, ಸೆರಗಿನದ್ದು ಕೆಂಪು ರೇಷ್ಮೆ. ಮಗ್ಗದ ಮೇಲೆ ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಆ ಜಾಗದಲ್ಲಿ ಅಡ್ಡಲಾಗಿ ಒಂದು ಸಾಲು ಕಾಣುತ್ತದೆ, ಕೈಗೂ ತಾಗುತ್ತದೆ. ಆ ಕೊಂಡಿಯೇ ಇಳಕಲ್‌ನ ಗುರುತು. ಅಲ್ಲಿ ಕೊಂಡಿ ಇಲ್ಲದೆ ಮೈ ಸೆರಗು ಒಂದೇ ಹಾಸಿನಲ್ಲಿ ಬಂದಿದ್ದರೆ ಪವರ್‌ಲೂಮಿನ ನಕಲಿರಬಹುದು ಎಂದು ಅನುಮಾನ ಪಡಬೇಕು. ಇನ್ನು ರವಿಕೆಗೆ ಗುಳೇದಗುಡ್ಡದ ಖಣ ಬೇರೆಯೇ ತರುವ ಪದ್ಧತಿ. ಸೀರೆಯ ತುದಿಯಲ್ಲಿ ರವಿಕೆ ಬಟ್ಟೆ ಇರಲೇಬೇಕೆಂದೇನೂ ಇಲ್ಲ.

ಮೇಜಿನ ಮೇಲಿದ್ದವರದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅವರ ಕೈಗೆ ಕೊಟ್ಟ ಚಿತ್ರಪಟ್ಟಿಯಲ್ಲಿ "ಬಟ್ಟೆಯ ಮಧ್ಯೆ ಜೋಡಣೆಯ ಗೆರೆ" ಎನ್ನುವುದು ದೋಷಗಳ ಸಾಲಿನಲ್ಲೇ ಇತ್ತು. ಯಂತ್ರದ ಸೀರೆಗೆ ಅದು ಸರಿಯಾದ ಮಾತೂ ಹೌದು. ಒಂದು ಸೀರೆ ತರಿಸಿ ಮೇಜಿನ ಮೇಲೆ ಹಾಸಿ ಕೇಳಿದಾಗ, ಕಲ್ಯಾಣದಿಂದ ಬರುವ ಒಬ್ಬ ಹಿರಿಯ ಮರಾಠಿ ಬಾಯಿ ಮುಟ್ಟಿ ನೋಡಿ, "ಇದು ಇರಕಲ್, ನನ್ನ ಅತ್ತೆ ಒಂಬತ್ತು ಗಜದ್ದು ಉಡುತ್ತಿದ್ದರು, ಹೀಗೇ ಇರುತ್ತದೆ. ಆದರೆ ಸ್ಕ್ರೀನಿನಲ್ಲಿ ನಮಗೆ ಬೇರೆ ಬಟನ್ ಎಲ್ಲಿದೆ?" ಎಂದರು. ನಿಜ, ಇರಲಿಲ್ಲ.

ಆ ವ್ಯಾಪಾರಿಗೆ ಇದರ ಪೆಟ್ಟು ಎಷ್ಟು ನೋಡಿ. 3,000 ರೂಪಾಯಿ ಹಾಕಿದ ಸೀರೆ ಹೊಸದೆಂದೇ ಮತ್ತೆ ಮಾರಬಹುದಾಗಿತ್ತು. ಲಾಟಿನಲ್ಲಿ ಐದಾರು ನೂರು ಬಂದರೆ ಹೆಚ್ಚು. ಒಂದು ಸೀರೆ ನೇಯಲು ಮಗ್ಗದ ಮುಂದೆ ಹಲವು ದಿನ ಕೂರಬೇಕು. ಮೇಲಿಂದ ದೋಷದ ಪ್ರಮಾಣ ಹೆಚ್ಚೆಂದು ಅವರ ಸರಕು ಹುಡುಕಾಟದಲ್ಲಿ ಕೆಳಗೆ ಹೋಗುತ್ತದೆ. ಅಲ್ಲಿಗೆ ಹೊಸ ಗಿರಾಕಿಗೂ ಕಾಣುವುದಿಲ್ಲ.

ನಾವು ಮಾಡಿದ್ದು ದೊಡ್ಡದೇನಲ್ಲ. ಸೀರೆ ಪಟ್ಟಿ ಮಾಡುವಾಗಲೇ "ಕೈಮಗ್ಗ", "ಸೆರಗು ಕೊಂಡಿ ಜೋಡಣೆ", "ರವಿಕೆ ಬಟ್ಟೆ ಇಲ್ಲ", "ಉದ್ದ ಇಷ್ಟು" ಎಂಬ ಕಾಲಂ ತುಂಬಿಸುವಂತೆ ಮಾಡಿ, ಬಾರ್‌ಕೋಡ್ ಸ್ಕ್ಯಾನ್ ಮಾಡಿದ ಕೂಡಲೇ ಅದು ಗ್ರೇಡಿಂಗ್ ಪರದೆಯ ಮೇಲ್ಭಾಗದಲ್ಲಿ, ಒಳ್ಳೆಯ ಸೀರೆಯ ಫೋಟೋ ಸಮೇತ ಬರುವಂತೆ ಮಾಡಿದೆವು. ಅಳತೆಯನ್ನು 6.3ಕ್ಕೆ ಹೋಲಿಸುವ ಬದಲು ಆ ಸೀರೆಯದ್ದೇ ಉದ್ದಕ್ಕೆ ಹೋಲಿಸುತ್ತದೆ. ಮತ್ತೆ, ಒಬ್ಬರ ಸರಕಿನಲ್ಲಿ ಒಂದೇ ದೋಷ ಮತ್ತೆ ಮತ್ತೆ ಬಂದು, ಗಿರಾಕಿಯ ಕಾರಣ ಅದಕ್ಕೆ ಹೊಂದದಿದ್ದರೆ ಗಂಟು ಕಟ್ಟುವ ಮೊದಲು ಒಬ್ಬರು ಮೇಲ್ವಿಚಾರಕರು ನೋಡಬೇಕು ಎಂಬ ತಡೆ ಹಾಕಿದೆವು. ಆಗಲೇ ಲಾಟಿನಲ್ಲಿ ಹೋದವು ವಾಪಸ್ ಬರಲಿಲ್ಲ. ಗಂಟು ಒಮ್ಮೆ ಗೇಟು ದಾಟಿದರೆ ಮುಗಿಯಿತು.

ಗೇಟು ದಾಟಿದ ಗಂಟು ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತೀರಿ. ಸಗಟು ಕೊಳ್ಳುವವರು ಬರುತ್ತಾರೆ, ಕೆಲವರು ನಮ್ಮ ಪಕ್ಕದ ಉಲ್ಹಾಸನಗರದಿಂದಲೇ. ತೂಕದ ಲೆಕ್ಕದಲ್ಲೋ, ಎಂಆರ್‌ಪಿಯ ಇಷ್ಟು ಪಾಲು ಎಂದೋ ದರ ಕುದುರುತ್ತದೆ. ದೊಡ್ಡ ಬ್ರ್ಯಾಂಡುಗಳು ಮೊದಲು ಲೇಬಲ್ ಕತ್ತರಿಸಿಯೇ ಕೊಡುತ್ತವೆ, ಇಲ್ಲದಿದ್ದರೆ ತಮ್ಮ ಬಟ್ಟೆಯೇ ಬೀದಿಯಲ್ಲಿ 150ಕ್ಕೆ ಸಿಗುತ್ತದೆ ಎಂಬ ಭಯ. ಸ್ಟೇಷನ್ ಹೊರಗೆ ಕತ್ತಿನ ಲೇಬಲ್ ಅರ್ಧ ಕತ್ತರಿಸಿದ ಟಾಪ್ ಕಂಡರೆ ಅದರ ಹಿಂದಿನ ಕಥೆ ಬಹುಶಃ ಇದೇ.

ಮಳೆಗಾಲ ನಮ್ಮ ಶತ್ರು. ಭಿವಂಡಿಯ ಜುಲೈ ತೇವದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒದ್ದೆ ಸೀರೆ ಒಂದಿದ್ದರೆ ಸಾಕು, ಬೂಷ್ಟು ಗಂಟಿಗೆಲ್ಲ ಹರಡುತ್ತದೆ. ಬೂಷ್ಟು ಹಿಡಿದದ್ದನ್ನು ಮಾರುವ ಹಾಗಿಲ್ಲ, ದಾನ ಕೊಡುವ ಹಾಗೂ ಇಲ್ಲ. ಅದು ಚಿಂದಿ. ಚಿಂದಿಯ ದೊಡ್ಡ ಊರು ಹರಿಯಾಣದ ಪಾಣಿಪತ್. ಅಲ್ಲಿ ಬಣ್ಣದ ಪ್ರಕಾರ ಬೇರ್ಪಡಿಸಿ, ಬಟನ್ ಜಿಪ್ ಕಿತ್ತು, ಹಿಂಜಿ ನಾರು ಮಾಡಿ ಮತ್ತೆ ನೂಲುತ್ತಾರೆ, ಕಂಬಳಿ ಮಾಡುತ್ತಾರೆ. ಉಣ್ಣೆ, ಹತ್ತಿ ಹಿಂಜಬಹುದು. ಆದರೆ ಪಾಲಿಯೆಸ್ಟರ್, ಲೈಕ್ರಾ, ಜರಿ ಎಲ್ಲ ಒಟ್ಟಿಗೆ ಇರುವ ನಮ್ಮ ಈಗಿನ ಫ್ಯಾನ್ಸಿ ಸೀರೆಯನ್ನು ಬೇರ್ಪಡಿಸಲು ಸುಲಭದ ದಾರಿ ಇಲ್ಲ. ಜರಿ ಬಿಡಿಸಲು ಕೊಡುವ ಕೂಲಿಯೇ ನಾರಿನ ಬೆಲೆಗಿಂತ ಹೆಚ್ಚು. ಅಂಥದ್ದು ಒರೆಸುವ ಬಟ್ಟೆಯಾಗಿ ಹೋದರೆ ಪುಣ್ಯ. ಹೊರದೇಶದಲ್ಲಿ ಇದರ ಮೇಲೆ ಜಗಳವೇ ಆಗಿದೆ. ಬರ್ಬೆರಿ ಕಂಪನಿ ಒಂದೇ ವರ್ಷದಲ್ಲಿ 2 ಕೋಟಿ 86 ಲಕ್ಷ ಪೌಂಡ್ ಬೆಲೆಯ ಸರಕು ನಾಶ ಮಾಡಿದ್ದು 2018ರಲ್ಲಿ ಬಯಲಾಗಿ, ಅದೇ ವರ್ಷ ಆ ಪದ್ಧತಿ ಬಿಡುತ್ತೇವೆಂದು ಹೇಳಬೇಕಾಯಿತು.

ಕೊನೆಗೆ, ನೀವು ರಿಟರ್ನ್ ಒತ್ತುವಾಗ "ಕಾರಣ" ಎಂದು ಒಂದು ಪಟ್ಟಿ ಬರುತ್ತದೆ. ಹೆಚ್ಚಿನವರು ಮೇಲಿರುವ ಮೊದಲನೆಯದನ್ನೇ ಒತ್ತುತ್ತಾರೆ. ದೋಷ ಅಂದರೆ ಬೇಗ ದುಡ್ಡು ಬರುತ್ತದೆಂದು ಅದನ್ನು ಒತ್ತುವವರೂ ಇದ್ದಾರೆ. ಮೇಜಿನ ಮೇಲಿನವರ ಪರದೆಯಲ್ಲಿ ಮೊದಲು ಕಾಣುವುದು ಅದೇ. ದೋಷ ಎಂದು ಬಂದಿದ್ದರೆ ಅವರು ದೋಷ ಸಿಗುವವರೆಗೂ ಹುಡುಕುತ್ತಾರೆ, ಎರಡು ನಿಮಿಷದಲ್ಲಿ ಏನೋ ಒಂದು ಸಿಕ್ಕೇ ಸಿಗುತ್ತದೆ. ಬಣ್ಣ ಹಿಡಿಸದಿದ್ದರೆ ಬಣ್ಣ ಅಂತಲೇ ಒತ್ತಿ. ಇಡುವುದಿಲ್ಲ ಅಂತ ನಿಮಗೆ ಮೊದಲ ದಿನವೇ ಗೊತ್ತಿದ್ದರೆ ಏಳನೇ ದಿನದವರೆಗೆ ಕಾಯದೆ ಅವತ್ತೇ ಕೊಟ್ಟುಬಿಡಿ. ಹಾಗೆಯೇ ಪೊಟ್ಟಣ ಬಿಚ್ಚುವಾಗ ಒಂದು ವಿಡಿಯೋ ಮಾಡಿಟ್ಟುಕೊಂಡರೆ, ರವಿಕೆ ಬಟ್ಟೆ ಮೊದಲೇ ಇರಲಿಲ್ಲ ಎನ್ನುವುದನ್ನು ನೀವೂ ತೋರಿಸಬಹುದು.

ಫಾಲ್ ಹೊಲಿಸಿದ ಮೇಲೆ ವಾಪಸ್ ಕೊಡಬಹುದಾ ಅಂತ ಹಿಂದಿನ ಸಾಲಿನಿಂದ ಆಗಲೇ ಒಂದು ಪ್ರಶ್ನೆ ಬಂದಿದೆ. ಇಲ್ಲ ಅಕ್ಕ, ಸೂಜಿ ತೂತು ಕಾಣುತ್ತದೆ. ಉಳಿದ ಪ್ರಶ್ನೆಗಳನ್ನು ಚಹಾ ಕುಡಿಯುತ್ತಾ ಮಾತಾಡೋಣ.